ಕ್ಯಾಮೆರಾ ಒಂದು ಹೇಳುತ್ತೆ, ಸೆನ್ಸರ್ ಇನ್ನೊಂದು ಹೇಳುತ್ತೆ: ಅಪ್ಪನಿಗೆ ರಿವರ್ಸ್ ಹೇಳಿಕೊಟ್ಟಿದ್ದು

ಅಪ್ಪನಿಗೆ ಈಗ 72. ಮೈಸೂರಿನಲ್ಲಿದ್ದಾರೆ, ಕಾರು ಅವರೇ ಓಡಿಸುತ್ತಾರೆ. ಮುಂದಕ್ಕೆ ಓಡಿಸುವುದರಲ್ಲಿ ಯಾವ ತೊಂದರೆಯೂ ಇಲ್ಲ, ಕಷ್ಟ ಇರುವುದು ಹಿಂದಕ್ಕೆ ತೆಗೆಯುವಾಗ. ಹಳೇ ಕಾರಿನಲ್ಲಿ ಎಡಗೈಯನ್ನು ಪಕ್ಕದ ಸೀಟಿನ ಮೇಲೆ ಹಾಕಿ, ಪೂರ್ತಿ ತಿರುಗಿ, ಹಿಂದಿನ ಗಾಜಿನಲ್ಲಿ ನೋಡಿಕೊಂಡು ತೆಗೆಯುತ್ತಿದ್ದರು. ಈಗ ಕತ್ತಿನ ಮೂಳೆ ಸವೆದಿದೆ, ಅಷ್ಟು ತಿರುಗಲು ಆಗುವುದಿಲ್ಲ.

ಹೊಸ ಕಾರಿನಲ್ಲಿ ಸೆನ್ಸರ್ ಕಂಪನಿಯಿಂದಲೇ ಬಂದಿದೆ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಕ್ಯಾಮೆರಾ ಹಾಗಲ್ಲ, ಅದು ಮೇಲಿನ ಮಾಡೆಲ್‌ಗೆ ಮಾತ್ರ. ಅಪ್ಪ ಕೊಂಡಿದ್ದರಲ್ಲಿ ಇರಲಿಲ್ಲ, ಆಮೇಲೆ ಹೊರಗಿನ ಅಂಗಡಿಯಲ್ಲಿ ಪರದೆ ಸಮೇತ ಹಾಕಿಸಿಕೊಂಡರು. ಹೀಗೆ ಒಂದು ಕಂಪನಿಯದು, ಇನ್ನೊಂದು ಅಂಗಡಿಯದು. ಎರಡಕ್ಕೂ ಒಂದರ ಪರಿಚಯ ಇನ್ನೊಂದಕ್ಕಿಲ್ಲ. ತುಂಬಾ ಜನರ ಕಾರಿನಲ್ಲಿ ಪರಿಸ್ಥಿತಿ ಇದೇ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಒಂದು ದಿನ ಫೋನಿನಲ್ಲಿ ಅಪ್ಪ ಕೇಳಿದರು. "ಅದು ಬಡ್ಕೊಳ್ಳುತ್ತೆ, ಇದು ನೋಡಿದ್ರೆ ಇನ್ನೂ ಜಾಗ ಇದೆ ಅನ್ನುತ್ತೆ. ಇವೆರಡರಲ್ಲಿ ನಾನು ಯಾರ ಮಾತು ಕೇಳ್ಬೇಕು ಹೇಳು." ಸರಿಯಾದ ಪ್ರಶ್ನೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಸೆನ್ಸರ್ ಬಗ್ಗೆ ಇದೆ. ಅಂಗಡಿಯವರು ಕೊಟ್ಟ ಚೀಟಿಯಲ್ಲಿ ವೈರ್ ಎಲ್ಲಿಗೆ ಸೇರಿಸಬೇಕು ಅಂತ ಮಾತ್ರ ಇದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓಡಿಸುವುದು ಹೇಗೆ ಅಂತ ಯಾವುದರಲ್ಲೂ ಇಲ್ಲ. ರಜೆ ಹಾಕಿ ಊರಿಗೆ ಹೋದೆ. ಹೇಳಿಕೊಡುವ ಮೊದಲು ಆ ಎರಡೂ ಏನು ನೋಡುತ್ತವೆ, ಏನು ನೋಡುವುದಿಲ್ಲ ಅಂತ ಅಳೆದೇ ಬಿಡೋಣ ಅಂದುಕೊಂಡೆವು.

ನಮ್ಮ ಮನೆ ಪಕ್ಕ ಒಂದು ಖಾಲಿ ಸೈಟಿದೆ, ನೆಲ ಮಟ್ಟಸವಾಗಿದೆ. ಕಾರನ್ನು ಅಲ್ಲಿ ನಿಲ್ಲಿಸಿದೆವು. ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ, ಬರೀ ಕೀ ಆನ್ ಮಾಡಿ ರಿವರ್ಸ್ ಗೇರಿಗೆ ಹಾಕಿದರೆ ಸಾಕು, ಕ್ಯಾಮೆರಾ, ಸೆನ್ಸರ್ ಎರಡೂ ಕೆಲಸ ಮಾಡುತ್ತವೆ. ಇದು ಗೇರಿನ ಕಾರಿಗೆ ಹೇಳಿದ ಮಾತು. ಎಂಜಿನ್ ಓಡುತ್ತಿರುವಾಗ ಮಾತ್ರ ಯಾರೂ ಹಿಂದೆ ನಿಲ್ಲಬಾರದು, ಪರೀಕ್ಷೆಗೂ ನಿಲ್ಲಬಾರದು.

ಮೊದಲು ನೋಡಬೇಕಾದದ್ದು ಎಡ ಬಲ. ನಾನು ಕಾರಿನ ಹಿಂದೆ ಎಡಗಡೆ ನಿಂತು ಕೈ ಎತ್ತಿದೆ, ಅಪ್ಪನಿಗೆ ಪರದೆಯಲ್ಲೂ ಎಡಗಡೆಯೇ ಕಾಣಿಸಿತು. ಹೀಗೇ ಇರಬೇಕು. ರಿವರ್ಸ್ ಕ್ಯಾಮೆರಾ ಚಿತ್ರವನ್ನು ಬೇಕಂತಲೇ ಕನ್ನಡಿಯ ಹಾಗೆ ತಿರುಗಿಸಿ ತೋರಿಸುತ್ತದೆ. ಹೊರಗೆ ಹಾಕಿಸಿದ ಕೆಲವು ಕ್ಯಾಮೆರಾಗಳಲ್ಲಿ ಇದನ್ನು ಬದಲಾಯಿಸಲು ಒಂದು ಸಣ್ಣ ವೈರ್ ಬಿಟ್ಟಿರುತ್ತಾರೆ, ಹಾಕುವವರು ಅದನ್ನು ಗಮನಿಸದಿದ್ದರೆ ಎಡ ಬಲ ಅದಲು ಬದಲಾಗುತ್ತದೆ. ಹಾಗಿದ್ದರೆ ಅದನ್ನು ಸರಿ ಮಾಡಿಸುವ ತನಕ ಪರದೆ ನೋಡಲೇಬಾರದು.

ಆಮೇಲೆ ದೂರ. ಎತ್ತರದ ಒಂದು ರಟ್ಟಿನ ಡಬ್ಬ ತಂದು ಬಂಪರ್ ಹಿಂದೆ ನಡುಮಧ್ಯೆ ಇಟ್ಟು, ದೂರದಿಂದ ಹತ್ತಿರಕ್ಕೆ ತಳ್ಳುತ್ತಾ ಬಂದೆ. ಸುಮಾರು ಒಂದೂವರೆ ಮೀಟರ್ ಇರುವಾಗ ಮೊದಲ ಸದ್ದು ಬಂತು, ನಿಧಾನವಾಗಿ. ಹತ್ತಿರ ತಂದ ಹಾಗೆ ಜೋರು ಜೋರಾಗಿ ಬಡಿದುಕೊಳ್ಳಲು ಶುರುವಾಯಿತು. ಒಂದು ಅಡಿ ಉಳಿದಾಗ ಸದ್ದು ಬಿಡಿ ಬಿಡಿಯಾಗಿ ಬರುವುದು ನಿಂತು ಒಂದೇ ಸಮನೆ ಕೂಗಿತು. ಆ ಜಾಗದಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಅಪ್ಪ ಇಳಿದು ಬಂದು ಬಂಪರ್‌ಗೂ ಡಬ್ಬಕ್ಕೂ ನಡುವೆ ಅಂಗೈ ಅಗಲಿಸಿ ಇಟ್ಟು ನೋಡಿದರು. ಒಂದು ಗೇಣಿಗಿಂತ ಜಾಸ್ತಿ ಇತ್ತು. ಒಂದೇ ಸಮನೆ ಕೂಗಿದರೂ ಇನ್ನೂ ಇಷ್ಟು ಜಾಗ ಇರುತ್ತದೆ ಅಂತ ಕೈಯಲ್ಲಿ ಮುಟ್ಟಿ ನೋಡಿದ ಮೇಲೆ ಅವರಿಗೆ ಆ ಸದ್ದಿನ ಗಾಬರಿ ಹೋಯಿತು. ಆದರೆ ಆ ಒಂದು ಗೇಣು ನಮ್ಮ ಲೆಕ್ಕಕ್ಕಲ್ಲ, ಅಲ್ಲಿಗೆ ನಿಲ್ಲಲೇಬೇಕು. ಅದಕ್ಕಿಂತ ಹತ್ತಿರದಲ್ಲಿ ಎಷ್ಟು ಉಳಿದಿದೆ ಅಂತ ಸೆನ್ಸರ್‌ಗೂ ಸರಿಯಾಗಿ ಗೊತ್ತಾಗುವುದಿಲ್ಲ.

ಡಬ್ಬವನ್ನು ಬಂಪರ್‌ನ ಮೂಲೆಗೆ ಸರಿಸಿದಾಗ ಲೆಕ್ಕ ಬದಲಾಯಿತು. ಮೂಲೆಯಲ್ಲಿ ಎರಡಡಿ ದೂರಕ್ಕೆ ಬಂದ ಮೇಲೆಯೇ ಸದ್ದು. ಅಂದರೆ ಮೂಲೆಗೆ ಏನಾದರೂ ಇದ್ದರೆ ಎಚ್ಚರಿಕೆ ತಡವಾಗಿ ಬರುತ್ತದೆ, ಯೋಚಿಸಲು ಸಮಯ ಕಡಿಮೆ. ಈ ಅಳತೆಗಳೆಲ್ಲ ನಮ್ಮ ಕಾರಿನವು. ನಿಮ್ಮದರಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ, ಅಳೆದೇ ನೋಡಬೇಕು.

ಇದೇ ಡಬ್ಬವನ್ನು ಪರದೆಯ ಬಣ್ಣದ ಗೆರೆಗಳಿಗೂ ಹೋಲಿಸಿದೆವು. ಪರದೆಯಲ್ಲಿ ಹಸಿರು, ಹಳದಿ, ಕೆಂಪು ಅಂತ ಮೂರು ಮೆಟ್ಟಿಲು ಇದೆ. ಕಂಪನಿಯಿಂದ ಬಂದ ಕ್ಯಾಮೆರಾ ಆದರೆ ಆ ಗೆರೆ ಎಷ್ಟು ದೂರ ಅಂತ ಕಾರಿನ ಪುಸ್ತಕದಲ್ಲಿ ಬರೆದಿರುತ್ತಾರೆ. ಅಂಗಡಿಯದರಲ್ಲಿ ಗೆರೆ ಎಲ್ಲ ಕಾರಿಗೂ ಒಂದೇ, ಕ್ಯಾಮೆರಾವನ್ನು ಎಷ್ಟು ಎತ್ತರಕ್ಕೆ, ಎಷ್ಟು ಬಗ್ಗಿಸಿ ಹಾಕಿದ್ದಾರೆ ಅನ್ನುವುದರ ಮೇಲೆ ದೂರ ನಿಂತಿರುತ್ತದೆ. ನಮ್ಮದರಲ್ಲಿ ಕೆಂಪು ಗೆರೆಯ ತುದಿ ಬಂಪರ್‌ನಿಂದ ಎರಡಡಿಗೆ ಬಿತ್ತು. ಇದು ಗೊತ್ತಾದ ಮೇಲೆ ಅಪ್ಪನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಯಿತು. ಡಬ್ಬ ಪರದೆಯಲ್ಲಿ ಹಳದಿಯಲ್ಲಿ ಇರುವಾಗಲೇ ಸೆನ್ಸರ್ ಕೂಗಲು ಶುರು ಮಾಡಿರುತ್ತದೆ. ಅದು ಜಗಳ ಅಲ್ಲ. ಸೆನ್ಸರ್ ಮೊದಲೇ ಎಚ್ಚರಿಸುತ್ತಿದೆ ಅಷ್ಟೆ.

ಇನ್ನೊಂದು ವಿಷಯ. ನಮ್ಮ ಪರದೆಯ ಗೆರೆ ನಿಂತಲ್ಲೇ ನಿಂತಿರುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಬಾಗುವುದಿಲ್ಲ. ಆದ್ದರಿಂದ ಸ್ಟೇರಿಂಗ್ ನೇರ ಇದ್ದಾಗ ಮಾತ್ರ ಆ ಗೆರೆಗಳ ಮಧ್ಯೆ ಕಾರು ಹೋಗುತ್ತದೆ. ತಿರುಗಿಸಿಕೊಂಡು ಹಿಂದೆ ಹೋಗುವಾಗ ಗೆರೆಯ ಹೊರಗೆ ಇರುವ ಕಂಬಕ್ಕೂ ತಾಗಬಹುದು.

ಈಗ ಮುಖ್ಯ ಭಾಗಕ್ಕೆ ಬರುತ್ತೇನೆ. ಡಬ್ಬ ತೆಗೆದು ಬೇರೆ ಬೇರೆ ವಸ್ತು ಇಟ್ಟು ನೋಡಿದೆವು.

ಒಂದು ಅಡಿಗಿಂತ ಗಿಡ್ಡಗಿರುವ ಸೈಜುಗಲ್ಲು ಸಿಕ್ಕಿತು, ಅದನ್ನಿಟ್ಟೆವು. ಒಂದು ಮೀಟರ್ ದೂರದಲ್ಲಿ ಇದ್ದಾಗ ಸೆನ್ಸರ್ ಕೂಗಿತು. ಕಲ್ಲನ್ನು ಬಂಪರ್ ಕಡೆಗೆ ಇನ್ನೂ ಹತ್ತಿರ ತಂದೆ, ಸದ್ದು ಜೋರಾಯಿತು. ಇನ್ನೂ ತಂದೆ. ಸದ್ದು ನಿಂತೇ ಹೋಯಿತು! ಕಲ್ಲು ಅಲ್ಲೇ ಇದೆ, ಬಂಪರ್‌ನಿಂದ ಒಂದಡಿ ದೂರ ಕೂಡ ಇಲ್ಲ, ಸೆನ್ಸರ್ ಮಾತ್ರ ಸುಮ್ಮನೆ. ಅಪ್ಪ ಒಳಗಿಂದಲೇ "ತೆಗೆದ್ಯಾ ಕಲ್ಲು?" ಅಂತ ಕೇಳಿದರು.

ಕಾರಣ ಇಷ್ಟೇ. ಬಂಪರ್‌ನಲ್ಲಿ ಕಾಣುವ ಆ ಸಣ್ಣ ಗುಂಡಿಗಳು ನಮ್ಮ ಕಿವಿಗೆ ಕೇಳಿಸದ ಸದ್ದು ಹೊರಡಿಸುತ್ತವೆ, ಅದು ಎದುರಿನ ವಸ್ತುವಿಗೆ ತಾಗಿ ವಾಪಸ್ ಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತವೆ. ಆ ಸದ್ದು ಟಾರ್ಚಿನ ಬೆಳಕಿನ ಹಾಗೆ ಹೋಗ್ತಾ ಹೋಗ್ತಾ ಅಗಲವಾಗುತ್ತದೆ. ದೂರದಲ್ಲಿ ನೆಲದ ಹತ್ತಿರದ ತನಕ ಹರಡಿರುತ್ತದೆ, ಬಂಪರ್ ಹತ್ತಿರ ತೆಳ್ಳಗಿರುತ್ತದೆ. ಗಿಡ್ಡ ವಸ್ತು ದೂರ ಇದ್ದಾಗ ಅದರೊಳಗೆ ಸಿಗುತ್ತದೆ, ಹತ್ತಿರ ಬಂದಾಗ ಅದರ ಕೆಳಗೆ ನುಸುಳಿಬಿಡುತ್ತದೆ. ಅದಕ್ಕೇ ಕೂಗುತ್ತಿದ್ದ ಸೆನ್ಸರ್ ಇದ್ದಕ್ಕಿದ್ದ ಹಾಗೆ ಸುಮ್ಮನಾದರೆ ದಾರಿ ಖಾಲಿಯಾಯಿತು ಅಂತಲ್ಲ. ಬ್ರೇಕ್ ಹಾಕಿ ಪರದೆಯ ಕೆಳಗಿನ ಅಂಚನ್ನು ನೋಡಬೇಕು. ಆ ಕಲ್ಲು ಕ್ಯಾಮೆರಾಗೆ ಚೆನ್ನಾಗಿಯೇ ಕಾಣುತ್ತಿತ್ತು. ಎರಡೂ ಜೊತೆಗೆ ಬೇಕು ಅನ್ನಲು ನನ್ನ ಪ್ರಕಾರ ಇದೊಂದೇ ಪರೀಕ್ಷೆ ಸಾಕು.

ತೆಳ್ಳಗಿನ ಕಬ್ಬಿಣದ ಸರಳನ್ನು ನೆಟ್ಟಗೆ ನಿಲ್ಲಿಸಿ ನೋಡಿದೆವು. ಒಂದು ಗುಂಡಿಯ ನೇರಕ್ಕೆ ಇಟ್ಟಾಗ ತಡವಾಗಿ ಕೂಗಿತು, ಎರಡು ಗುಂಡಿಗಳ ನಡುವೆ ಇಟ್ಟಾಗ ಕೂಗಲೇ ಇಲ್ಲ. ಹಳೇ ರಜಾಯಿಯನ್ನು ಸ್ಟೂಲಿನ ಮೇಲೆ ಹರಡಿದಾಗಲೂ ಸದ್ದು ತುಂಬಾ ಹತ್ತಿರ ಬಂದ ಮೇಲೆಯೇ ಬಂತು, ಯಾಕಂದರೆ ಮೆತ್ತನೆಯ ಬಟ್ಟೆ ಆ ಸದ್ದನ್ನು ಹೀರಿಕೊಳ್ಳುತ್ತದೆ. ದಪ್ಪ ಬಟ್ಟೆ ಹಾಕಿಕೊಂಡ ಮನುಷ್ಯರೂ, ತಂತಿ ಬೇಲಿಯೂ ಇದೇ ಸಾಲಿಗೆ ಬರುತ್ತವೆ.

ಹಾಗಾದರೆ ಕ್ಯಾಮೆರಾವನ್ನೇ ನಂಬಿಕೊಂಡರೆ ಆಗಲ್ವಾ ಅಂತ ಅಪ್ಪ ಕೇಳಿದರು. ಆಗುವುದಿಲ್ಲ. ಕ್ಯಾಮೆರಾದ ಗಾಜು ಅಗಲವಾಗಿ ನೋಡುವಂಥದ್ದು, ಜಾಸ್ತಿ ಜಾಗ ತೋರಿಸಲು ಎಲ್ಲವನ್ನೂ ಚಿಕ್ಕದು ಮಾಡಿ ದೂರ ತಳ್ಳಿ ತೋರಿಸುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಆ ಬಣ್ಣದ ಗೆರೆಗಳು ನೆಲದ ಮೇಲೆ ಎಳೆದ ಲೆಕ್ಕದವು. ನೆಲಕ್ಕೆ ತಾಗಿಕೊಂಡಿರುವ ವಸ್ತುವಿಗೆ ಮಾತ್ರ ಅವು ನಿಜ ಹೇಳುತ್ತವೆ. ನಮ್ಮ ಬೀದಿಯಲ್ಲಿ ಒಂದು ಗೂಡ್ಸ್ ಆಟೋ ನಿಲ್ಲುತ್ತದೆ, ಹಿಂದಿನ ಹಲಗೆಯನ್ನು ಇಳಿಸಿ ಬಿಟ್ಟಿರುತ್ತಾರೆ. ಪರದೆಯಲ್ಲಿ ನೋಡಿದರೆ ಅದರ ಚಕ್ರ ಹಸಿರು ಗೆರೆಯ ಆಚೆ ಇದೆ, ಸರಿ ಜಾಗ ಇದೆ ಅನಿಸುತ್ತದೆ. ಆದರೆ ಹಲಗೆ ಚಕ್ರದಿಂದ ಎಷ್ಟೋ ಮುಂದಕ್ಕೆ ಗಾಳಿಯಲ್ಲಿ ಚಾಚಿಕೊಂಡಿದೆ, ನಮ್ಮ ಡಿಕ್ಕಿಯ ಎತ್ತರಕ್ಕೆ. ಸೆನ್ಸರ್‌ನ ಸದ್ದು ಆ ಹಲಗೆಯ ಕೆಳಗೆ ಹಾದುಹೋಗಬಹುದು. ಲಾರಿಯಿಂದ ಹೊರಗೆ ಚಾಚಿದ ಕಬ್ಬಿಣದ ಸರಳು, ಕಿಟಕಿಯ ತೆರೆದ ಬಾಗಿಲು, ಇವೂ ಅಷ್ಟೆ. ಇಲ್ಲಿ ಎರಡೂ ಕೈಕೊಡುತ್ತವೆ. ಇಂಥದ್ದು ಕಂಡರೆ ಇಳಿದು ನೋಡುವುದು ಬಿಟ್ಟು ಬೇರೆ ದಾರಿ ಇಲ್ಲ.

ಇಷ್ಟಾದ ಮೇಲೆ ಮನೆಯ ಗೇಟಿಗೆ ಬಂದೆವು, ಅಪ್ಪನಿಗೆ ದಿನಾ ಕಷ್ಟ ಆಗುತ್ತಿದ್ದುದು ಅಲ್ಲೇ. ರಸ್ತೆ, ಅದರ ಪಕ್ಕ ಮೋರಿ, ಮೋರಿಯ ಮೇಲೆ ಚಪ್ಪಡಿ, ಅಲ್ಲಿಂದ ಏರಾಗಿ ಗೇಟು, ಗೇಟಿನ ಒಳಗೆ ಮಟ್ಟಸವಾದ ಪೋರ್ಟಿಕೊ, ಕೊನೆಗೆ ಗೋಡೆ. ಗೋಡೆಯ ಬುಡದಲ್ಲಿ ನೀರಿನ ಪೈಪು ಮತ್ತು ಅಮ್ಮನ ಬಟ್ಟೆ ಒಗೆಯುವ ಕಲ್ಲು.

ಕಾರು ರಸ್ತೆಯಲ್ಲಿ ನಿಂತು ಹಿಂಭಾಗ ಏರಿನ ಕಡೆ ಇರುವಾಗ ಪರದೆ ಎಲ್ಲವನ್ನೂ ಇರುವುದಕ್ಕಿಂತ ದೂರ ತೋರಿಸುತ್ತದೆ, ಯಾಕಂದರೆ ನೆಲ ಗೆರೆಗಳ ಲೆಕ್ಕಕ್ಕಿಂತ ಮೇಲಕ್ಕೆ ಎದ್ದಿದೆ. ಅದೇ ಹೊತ್ತಿಗೆ ಸೆನ್ಸರ್ ಆ ಏರನ್ನೇ ಅಡ್ಡಿ ಅಂದುಕೊಂಡು ಕೂಗಬಹುದು. ಅಪ್ಪನಿಗೆ ಗೊಂದಲ ಆಗುತ್ತಿದ್ದುದು ಸರಿಯಾಗಿ ಈ ಜಾಗದಲ್ಲಿ. ಒಂದು ಜಾಗ ಇದೆ ಅನ್ನುತ್ತದೆ, ಇನ್ನೊಂದು ಇಲ್ಲ ಅನ್ನುತ್ತದೆ. ಹಿಂದಿನ ಚಕ್ರ ಏರನ್ನು ಹತ್ತಿದ ಮೇಲೆ ಉಲ್ಟಾ ಆಗುತ್ತದೆ. ಕಾರಿನ ಹಿಂಭಾಗ ಮೇಲಕ್ಕೆ ಎದ್ದಿರುತ್ತದೆ, ಪರದೆಯಲ್ಲಿ ಗೋಡೆ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಸೆನ್ಸರ್ ಸ್ವಲ್ಪ ಮೇಲಕ್ಕೆ ನೋಡುತ್ತಿರುತ್ತದೆ, ಒಗೆಯುವ ಕಲ್ಲು ಅದಕ್ಕೆ ಸಿಗುವುದಿಲ್ಲ. ನಾಲ್ಕೂ ಚಕ್ರ ಪೋರ್ಟಿಕೊದ ಮಟ್ಟಸ ನೆಲಕ್ಕೆ ಬಂದ ಮೇಲೆ ಮಾತ್ರ ಎರಡನ್ನೂ ನಾವು ಅಳೆದ ಲೆಕ್ಕಕ್ಕೆ ನಂಬಬಹುದು. ಆದ್ದರಿಂದ ಗೇಟಿನ ಕಂಬ ದಾಟುವ ತನಕ ಎರಡು ಪಕ್ಕದ ಕನ್ನಡಿಗಳೇ ಮುಖ್ಯ ಅಂತ ತೀರ್ಮಾನ ಮಾಡಿದೆವು. ಕನ್ನಡಿಯಲ್ಲಿ ಎರಡೂ ಕಡೆ ಕಂಬಕ್ಕೂ ಬಾಗಿಲಿಗೂ ನಡುವೆ ಸಮನಾದ ಜಾಗ ಕಾಣಬೇಕು, ಪರದೆಯನ್ನು ಹಿಂದೆ ಯಾರಾದರೂ ಬಂದರಾ ಅಂತ ನೋಡಲು ಮಾತ್ರ.

ಇಲ್ಲಿ ಕ್ಯಾಮೆರಾಗೂ ಕಾಣದ, ಸೆನ್ಸರ್‌ಗೂ ಗೊತ್ತಾಗದ ಇನ್ನೊಂದಿದೆ. ಸ್ಟೇರಿಂಗ್ ಬಲಕ್ಕೆ ತಿರುಗಿಸಿ ಹಿಂದೆ ಹೋದರೆ ಕಾರಿನ ಮೂತಿ ಎಡಕ್ಕೆ ಬೀಸುತ್ತದೆ. ಹಿಂದಕ್ಕೆ ಹೋಗುವಾಗ ಜಾಸ್ತಿ ಉಜ್ಜಿಸಿಕೊಳ್ಳುವುದು ಮುಂದಿನ ಬಂಪರ್‌ನ ಮೂಲೆ, ಎದುರುಗಡೆ ನಿಂತ ಸ್ಕೂಟರ್‌ಗೋ ಪಕ್ಕದವರ ಕಾಂಪೌಂಡಿಗೋ. ಪರದೆಯಲ್ಲೇ ಕಣ್ಣು ನೆಟ್ಟುಕೊಂಡವರಿಗೆ ಇದು ತಾಗುವ ತನಕ ಗೊತ್ತಾಗುವುದಿಲ್ಲ. ಅದಕ್ಕೇ ಸ್ಟೇರಿಂಗ್ ತಿರುಗಿಸುತ್ತಿರುವಾಗ ನಡುನಡುವೆ ಒಮ್ಮೆ ನಿಂತು ಮುಂದಿನ ಎರಡು ಮೂಲೆ ನೋಡಬೇಕು.

ವೇಗದ ಬಗ್ಗೆ ಒಂದು ಲೆಕ್ಕ ಹೇಳಿದಾಗ ಅಪ್ಪ ತಕ್ಷಣ ಒಪ್ಪಿದರು. ನಾವು ನಡೆಯುವ ವೇಗ ಅಂದರೆ ಗಂಟೆಗೆ 5 ಕಿಲೋಮೀಟರ್ ಹತ್ತಿರ. ಆ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 1.4 ಮೀಟರ್ ಹಿಂದೆ ಹೋಗಿರುತ್ತದೆ. ಸೆನ್ಸರ್ ಮೊದಲ ಸದ್ದು ಕೊಡುವುದೇ ಒಂದೂವರೆ ಮೀಟರ್‌ನಲ್ಲಿ. ಅಂದರೆ ಸದ್ದು ಕೇಳಿ, ಕಾಲು ಎತ್ತಿ, ಬ್ರೇಕ್ ಒತ್ತಲು ಇರುವುದು ಸುಮಾರು ಒಂದೇ ಸೆಕೆಂಡ್. ವಯಸ್ಸಾದವರಿಗೆ ಅಲ್ಲ, ಯಾರಿಗೂ ಅದು ಸಾಲುವುದಿಲ್ಲ. ಗಂಟೆಗೆ 2 ಕಿಲೋಮೀಟರ್‌ಗೆ ಇಳಿಸಿದರೆ ಎರಡೂವರೆ ಸೆಕೆಂಡಿಗಿಂತ ಹೆಚ್ಚು ಸಿಗುತ್ತದೆ. ಹಾಫ್ ಕ್ಲಚ್‌ನಲ್ಲಿ, ಬಲಗಾಲು ಬ್ರೇಕ್ ಮೇಲೆ ಇಟ್ಟುಕೊಂಡೇ, ಕಾರು ಉರುಳುವಷ್ಟು ಮಾತ್ರ ಬಿಡುವುದು. ಏರು ಹತ್ತುವಾಗ ಮಾತ್ರ ಸ್ವಲ್ಪ ಆಕ್ಸಿಲರೇಟರ್ ಬೇಕಾಗುತ್ತದೆ, ಚಪ್ಪಡಿ ದಾಟಿದ ಕೂಡಲೇ ಕಾಲು ವಾಪಸ್ ಬ್ರೇಕಿಗೆ.

ಕಣ್ಣು ಕಿವಿಯದ್ದು ಬೇರೆಯೇ ಪಾಠ. ಅಪ್ಪನದು ಗೆರೆ ಇರುವ ಕನ್ನಡಕ, ಮೇಲಿನ ಭಾಗ ದೂರಕ್ಕೆ, ಕೆಳಗಿನದು ಓದಲು. ಓದುವ ಭಾಗ ಕೈಯಲ್ಲಿ ಹಿಡಿದ ಪುಸ್ತಕದ ದೂರಕ್ಕೆ ಮಾಡಿದ್ದು. ಕಾರಿನ ಪರದೆ ಅದಕ್ಕಿಂತ ದೂರದಲ್ಲಿದೆ, ಹಾಗಾಗಿ ಮೇಲಿಂದ ನೋಡಿದರೂ ಮಸುಕು, ಕೆಳಗಿಂದ ನೋಡಿದರೂ ಮಸುಕು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಪರದೆಯೇ ಸರಿಯಿಲ್ಲ ಅಂದುಕೊಂಡಿದ್ದರು. ಕಣ್ಣಿನ ಡಾಕ್ಟರಿಗೆ ಪರದೆಯ ದೂರ ಅಳೆದುಕೊಂಡು ಹೋಗಿ ಹೇಳಿದೆವು, ನಡುವಿನ ದೂರಕ್ಕೂ ಹೊಂದುವ ಕನ್ನಡಕ ಬರೆದುಕೊಟ್ಟರು. ಸೆನ್ಸರ್ ಸದ್ದು ತೆಳ್ಳಗಿನ ಕೀಚು ಸದ್ದು. ವಯಸ್ಸಾದಾಗ ಕಿವಿ ಮೊದಲು ಬಿಟ್ಟುಕೊಡುವುದು ಇಂಥ ಸದ್ದನ್ನೇ. ನಮ್ಮ ಕಾರಿನ ಸೆಟ್ಟಿಂಗ್‌ನಲ್ಲಿ ಅದರ ಜೋರು ಹೆಚ್ಚಿಸಲು ಬರುತ್ತಿತ್ತು, ಹೆಚ್ಚಿಸಿದೆ. ಜೊತೆಗೆ ರಿವರ್ಸ್ ಹಾಕುವ ಮೊದಲು ರೇಡಿಯೋ ಆಫ್, ಏಸಿ ಗಾಳಿ ಕಡಿಮೆ, ಬಲಗಡೆ ಗಾಜು ಇಳಿಸುವುದು. ಗಾಜು ಇಳಿಸಿದರೆ ಹಿಂದೆ ಯಾರಾದರೂ ಕೂಗಿದ್ದೂ ಕೇಳಿಸುತ್ತದೆ.

ಕೊನೆಗೆ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಅದರಲ್ಲಿ ಇರುವುದು ಹೀಗೆ.

"ಅಪ್ಪಾ, ಕಾರು ಹತ್ತುವ ಮೊದಲು ಹಿಂದೆ ಒಂದು ಸುತ್ತು ಹಾಕಿ ಬನ್ನಿ. ಗಿಡ್ಡ ಕಲ್ಲು, ಸರಳು, ಮಲಗಿರುವ ನಾಯಿ, ಇವನ್ನು ನೋಡಬೇಕಾದವರು ನೀವೇ. ಬರುವಾಗ ಕ್ಯಾಮೆರಾದ ಗಾಜನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಬಂಪರ್‌ನ ಗುಂಡಿಗಳ ಮೇಲೆ ಕೆಸರಿದ್ದರೆ ತೆಗೆಯಿರಿ.

ರಿವರ್ಸ್ ಹಾಕಿದ ಮೇಲೆ ಪರದೆಯಲ್ಲಿ ಚಿತ್ರ ಬರುವ ತನಕ ಬ್ರೇಕ್ ಬಿಡಬೇಡಿ. ಚಿತ್ರ ಬರದಿದ್ದರೆ ಅವತ್ತು ಕ್ಯಾಮೆರಾ ಇಲ್ಲ ಅಂದುಕೊಂಡು ಅಮ್ಮನನ್ನು ಕರೆಯಿರಿ. ಅಮ್ಮ ಗೇಟಿನ ಪಕ್ಕ, ನಿಮ್ಮ ಕನ್ನಡಿಯಲ್ಲಿ ಕಾಣುವ ಕಡೆ ನಿಲ್ಲಲಿ, ಕಾರಿನ ನೇರ ಹಿಂದೆ ಬೇಡ.

ಮೊದಲು ಎರಡು ಕನ್ನಡಿ, ಆಮೇಲೆ ಪರದೆ, ಮತ್ತೆ ಕನ್ನಡಿ. ಒಂದರಲ್ಲೇ ಕಣ್ಣಿಟ್ಟು ಕೂರಬೇಡಿ. ಕಿವಿ ಮಾತ್ರ ಯಾವಾಗಲೂ ಸೆನ್ಸರ್ ಕಡೆ.

ಸದ್ದು ಶುರುವಾದರೆ ಇನ್ನೂ ನಿಧಾನ. ಒಂದೇ ಸಮನೆ ಕೂಗಿದರೆ ನಿಲ್ಲಿಸಿ, ಪರದೆಯಲ್ಲಿ ಎಷ್ಟೇ ಜಾಗ ಕಂಡರೂ ನಿಲ್ಲಿಸಿ. ಕೂಗುತ್ತಿದ್ದದ್ದು ತಟ್ಟನೆ ನಿಂತರೂ ನಿಲ್ಲಿಸಿ. ಪರದೆಯಲ್ಲಿ ಏನಾದರೂ ಕಂಡು ಸೆನ್ಸರ್ ಸುಮ್ಮನಿದ್ದರೂ ನಿಲ್ಲಿಸಿ. ಇಬ್ಬರಲ್ಲಿ ಯಾರು ಬೇಡ ಅಂದರೂ ಬೇಡ. ಬೇಕು ಅನ್ನಲು ಇಬ್ಬರೂ ಒಪ್ಪಬೇಕು, ಕನ್ನಡಿಯೂ ಒಪ್ಪಬೇಕು. ಅನುಮಾನ ಬಂದರೆ ಹ್ಯಾಂಡ್‌ಬ್ರೇಕ್ ಹಾಕಿ ಇಳಿದು ನೋಡಿ, ಹಿಂದಿನವರು ಹಾರ್ನ್ ಮಾಡಿದರೆ ಮಾಡಲಿ."

ಗೇಟಿನ ಏರಿನಲ್ಲಿ ಸೆನ್ಸರ್ ಸುಮ್ಮನೆ ಕೂಗುತ್ತದಲ್ಲ, ಆಗಲೂ ನಿಲ್ಲಬೇಕಾ ಅಂತ ಅಪ್ಪ ಕೇಳಿದರು. ನಿಲ್ಲಬೇಕು. ನಿಂತು, ಪರದೆಯಲ್ಲಿ ಬರೀ ಚಪ್ಪಡಿಯೇ ಕಾಣುತ್ತಿದೆ, ಸುತ್ತು ಹಾಕುವಾಗಲೂ ಏನೂ ಇರಲಿಲ್ಲ ಅಂತ ಖಾತ್ರಿ ಮಾಡಿಕೊಂಡು ಮುಂದುವರಿಯಬೇಕು. ದಿನಾ ಕೂಗುವ ಜಾಗ ಅಂತ ಅಲಕ್ಷ್ಯ ಮಾಡಿದರೆ, ಒಂದು ದಿನ ನಿಜವಾಗಿ ಏನೋ ಇದ್ದು ಕೂಗಿದಾಗಲೂ ಅಲಕ್ಷ್ಯವೇ ಆಗುತ್ತದೆ. ಜೋರು ಮಳೆಯಲ್ಲಿ, ಪಕ್ಕದಲ್ಲಿ ಬಸ್ಸು ಬುಸ್ ಅಂತ ಏರ್‌ಬ್ರೇಕ್ ಬಿಟ್ಟಾಗಲೂ ಸೆನ್ಸರ್ ಸುಳ್ಳೇ ಕೂಗುವುದುಂಟು. ಅಲ್ಲೂ ಇದೇ ಕ್ರಮ.

ಒಳಗೆ ನಿಲ್ಲಿಸುವ ಜಾಗಕ್ಕೆ ಒಂದು ಗುರುತು ಮಾಡಿದ್ದೇವೆ. ಒಗೆಯುವ ಕಲ್ಲು ಸೆನ್ಸರ್‌ಗೆ ಸಿಗುವುದಿಲ್ಲವಲ್ಲ, ಅದರ ಮುಂದೆ ಎರಡಡಿ ದೂರಕ್ಕೆ ನೆಲದ ಮೇಲೆ ಹಳದಿ ಪೇಂಟಿನಲ್ಲಿ ಅಡ್ಡ ಪಟ್ಟಿ ಎಳೆದೆವು. ಪರದೆಯಲ್ಲಿ ಕೆಂಪು ಗೆರೆ ಆ ಕಲ್ಲಿನ ಬುಡಕ್ಕೆ ಬಂದರೆ ಬಂಪರ್ ಪಟ್ಟಿಯ ನೇರಕ್ಕೆ ಬಂತು ಅಂತ ಲೆಕ್ಕ. ಪೋರ್ಟಿಕೊದಲ್ಲಿ ಸಂಜೆ ಹೊತ್ತು ಕತ್ತಲಿರುತ್ತದೆ, ಕ್ಯಾಮೆರಾ ಚಿತ್ರ ಕಪ್ಪು ಕಪ್ಪಾಗಿ ಬರುತ್ತಿತ್ತು, ಅಲ್ಲಿನ ಲೈಟಿನ ಸ್ವಿಚ್ಚನ್ನು ಗೇಟಿನ ಹತ್ತಿರಕ್ಕೆ ತರಿಸಿದೆವು. ಮುಂದೆ ಯಾವತ್ತಾದರೂ ಬಂಪರ್ ಬಿಚ್ಚಿ ಹಾಕಿಸಿದರೆ, ಕ್ಯಾಮೆರಾ ಬದಲಾಯಿಸಿದರೆ ಗೆರೆಯ ಲೆಕ್ಕ ತಪ್ಪುತ್ತದೆ. ಹಾಗಾಗಿ ಹಾಳೆಯ ಕೊನೆಗೆ ಅಪ್ಪನೇ ಪೆನ್ನಿನಲ್ಲಿ ಸೇರಿಸಿದ್ದಾರೆ: ರಿಪೇರಿಯಿಂದ ಬಂದ ದಿನ ಡಬ್ಬ ಇಟ್ಟು ಮತ್ತೆ ಅಳೆಯುವುದು.